ನಾನು ಬರೆದ ಪತ್ರಕ್ಕೆ ಗುಮಾಸ್ತರ ತಿದ್ದುಪಡಿ

ಮಕ್ಕಳಿಗೆ ಪತ್ರಲೇಖನ ಕಲಿಸುವುದು ನನ್ನ ಕೆಲಸ. ಇವರಿಗೆ, ಇವರಿಂದ, ಮಾನ್ಯರೇ, ವಿಷಯ ಎಂದೆಲ್ಲ ಕ್ರಮವಾಗಿದ್ದರೆ ಪೂರ್ತಿ ಅಂಕ ಕೊಟ್ಟುಬಿಡುತ್ತಿದ್ದೆ. ಆದರೆ 1997ರ ಜುಲೈನಲ್ಲಿ ನಾನೇ ಬರೆದ ಪತ್ರವೊಂದು ಗುಮಾಸ್ತರ ಮೇಜಿನಿಂದ ಮುಂದೆ ಹೋಗಲಿಲ್ಲ.

ಆರು ವರ್ಷದ ಮಗನಿಗೆ ರಾತ್ರೋರಾತ್ರಿ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಒಟ್ಟು ಖರ್ಚು ಏಳು ಸಾವಿರ. ಕೈಯಲ್ಲಿದ್ದ ಮೂರು ಸಾವಿರ ಕಟ್ಟಿದ್ದೆವು. ಉಳಿದದ್ದನ್ನು ಮನೆಗೆ ಕಳಿಸುವ ಹೊತ್ತಿಗೆ ಕೊಡಬೇಕಿತ್ತು. ಯಜಮಾನರ ಮಿಲ್ಲು ಮುಚ್ಚಿತ್ತು. ಖಾಸಗಿ ಶಾಲೆಯಲ್ಲಿ ನನ್ನ ಸಂಬಳ 1,800 ರೂಪಾಯಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಶಾಲೆಯ ಕಾರ್ಯದರ್ಶಿಯವರಿಗೆ ಒಂದೂವರೆ ಪುಟ ಬರೆದೆ. ಬರೀ ಕಣ್ಣೀರು. ‘ತಾವು ದಯೆಯಿಟ್ಟು ಸಹಾಯ ಮಾಡಬೇಕು’ ಎಂದು ಮುಗಿಸಿದ್ದೆ.

ಗುಮಾಸ್ತರು ಹಿರಿಯರು. ಓದಿ ಕನ್ನಡಕ ತೆಗೆದರು. “ಎಷ್ಟು ಬೇಕು ಅಂತ ಇಲ್ಲ, ಹೇಗೆ ತೀರಿಸ್ತೀರಿ ಅಂತಲೂ ಇಲ್ಲ. ಅವರು ಏನಂತ ಸಹಿ ಹಾಕಬೇಕು ಟೀಚರೇ? ನೀವು ದಾನ ಕೇಳ್ತಾ ಇಲ್ಲ, ದುಡಿಯೋ ಸಂಬಳಾನೇ ಮುಂಚೆ ಕೇಳ್ತಾ ಇದೀರಿ” ಎಂದು ಬಿಳಿ ಹಾಳೆ ಕೊಟ್ಟರು.

ಅಲ್ಲೇ ನಿಂತು ಮತ್ತೆ ಬರೆದೆ. ಮಗನಿಗೆ ಯಾವ ದಿನ ಏನಾಯಿತು, ಒಟ್ಟು ಖರ್ಚೆಷ್ಟು, ನಾವು ಕಟ್ಟಿದ್ದೆಷ್ಟು, ಬೇಕಾದ್ದು 4,000 ರೂಪಾಯಿ. ಆಸ್ಪತ್ರೆಯ ಚೀಟಿ ಲಗತ್ತಿಸಿದೆ. ಬೇಗ ತೀರಿಸುವ ಮರ್ಯಾದೆಗೆ ‘ತಿಂಗಳಿಗೆ ಸಾವಿರದಂತೆ ಹಿಡಿದುಕೊಳ್ಳಿ’ ಎಂದೂ ಬರೆದೆ. ಅವರು ಅಲ್ಲಿಯೇ ಬೆರಳಿಟ್ಟರು. “ಬಾಡಿಗೆ ಎಷ್ಟು?” ಐನೂರು ಎಂದೆ. “ಉಳಿದ ಮುನ್ನೂರರಲ್ಲಿ ಮನೆ ನಡೆಸ್ತೀರಾ? ಎರಡನೇ ತಿಂಗಳಿಗೇ ಮತ್ತೆ ಅಡ್ವಾನ್ಸ್ ಕೇಳೋಕೆ ಬರ್ತೀರಿ. ಆಗ ಕೊಡಲ್ಲ.” ಸಾವಿರವನ್ನು ಹೊಡೆದು ‘ಆಗಸ್ಟ್ ಸಂಬಳದಿಂದ ತಿಂಗಳಿಗೆ 400ರಂತೆ ಹತ್ತು ಕಂತು’ ಎಂದು ಬರೆಸಿದರು. ಆಮೇಲೆ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ದಿನಾಂಕ ಹಾಕಿ ನನಗೇ ಕೊಟ್ಟರು. ಸಂಜೆಯೊಳಗೆ ಮಂಜೂರಾಯಿತು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಹಣ ತೆಗೆದುಕೊಂಡೆ.

ಆ ಪ್ರತಿ ಏಕೆಂದು ಆಗ ತಿಳಿಯಲಿಲ್ಲ. ಮೇ ತಿಂಗಳಿಗೆ ಹತ್ತು ಕಂತೂ ಮುಗಿದವು. 1998ರ ಜೂನ್ ಸಂಬಳದಲ್ಲೂ ನಾನೂರು ಕಡಿತವಾಗಿತ್ತು. ಅಷ್ಟರಲ್ಲಿ ಆ ಗುಮಾಸ್ತರು ನಿವೃತ್ತರಾಗಿದ್ದರು. ಹೊಸಬರಿಗೆ ಲೆಕ್ಕ ಗೊತ್ತಿರಲಿಲ್ಲ. ಸೀರೆಗಳ ನಡುವೆ ಇಟ್ಟಿದ್ದ ಪ್ರತಿಯನ್ನು ತಂದು ತೋರಿಸಿದೆ. ವಾದವಿಲ್ಲದೆ ಹಣ ವಾಪಸ್ಸು ಬಂತು.

ಈಗಲೂ ಪತ್ರಲೇಖನ ಕಲಿಸುತ್ತೇನೆ. ಹಣ ಕೇಳುವ ಪತ್ರವಾದರೆ ‘ಮಾನ್ಯರೇ’ ಇದೆಯೇ ಎಂದು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಕಂತಿನ ಸಾಲನ್ನು. ಕಂತು ಕಳೆದ ಮೇಲೆ ಆ ಮನೆಯಲ್ಲಿ ಒಲೆ ಉರಿಯುತ್ತದೆಯೇ ಎಂದು ಲೆಕ್ಕ ಹಾಕಿಯೇ ಅಂಕ ಕೊಡುತ್ತೇನೆ.