ಸಾವಕಾರ್ರಿಗೆ ಬರದ ಪತ್ರ

ಈ ಸಲ ಅಡಗಿ ಸುದ್ದಿ ಅಲ್ಲ. ಮಾಡಿದ ಅಡಗೀನ ಅಂಗಡಿಗೆ ಮುಟ್ಟಸೋ ಸುದ್ದಿ. ನಮ್ಮೊಳಗ ಸಂಡಿಗಿ, ಹಪ್ಪಳ, ಚಟ್ನಿ ಪುಡಿ ಮಾಡಿ ಮಾರೋರು ಭಾಳ ಮಂದಿ ಇದ್ದೀರಿ, ನಿಮಗ ಉಪಯೋಗ ಆದೀತು ಅಂತ ಬರೀಲಿಕ್ಕತ್ತೇನಿ.

ನಮ್ಮ ತಂಗಿ ಮಗಳು ಹುಬ್ಬಳ್ಳ್ಯಾಗ ಚಟ್ನಿ ಪುಡಿ ಮಾಡ್ತಾಳ. ಶೇಂಗಾ, ಗುರೆಳ್ಳು, ಅಗಸಿ, ಮೂರೇ ಥರ. ಗಂಡನ ಕೆಲಸ ಹೋಗಿ ನಾಕು ತಿಂಗಳಾಗಿತ್ತು. ಕುಟ್ಟೋ ಮಶೀನಿಗೆ ಸಾಲ ತೊಗೊಂಡಿದ್ಲು, ಕಂತು ತಿಂಗಳಾ ತಿಂಗಳಾ ಕಟ್ಟಬೇಕು. ಓಣ್ಯಾಗಿನ ಮಂದಿ, ಬಳಗದವರು ತೊಗೊಳ್ಳೋದ್ರಿಂದ ಕಂತು ಹೊಂಡೂದಿಲ್ಲ. ಒಂದು ಛೊಲೊ ಅಂಗಡಿ ಹಿಡೀಬೇಕಾಗಿತ್ತು. ನಮ್ಮ ಕಡೆ ಒಂದು ಹಳೇ ಕಿರಾಣಿ ಅಂಗಡಿ ಅದ. ಅದರ ಸಾವಕಾರ್ರಿಗೆ ಎಪ್ಪತ್ತೈದು ದಾಟೇದ. ಮಗ ಗಲ್ಲೇದ ಮ್ಯಾಲೆ ಕೂಡ್ತಾನ, ಆದ್ರ ಹೊಸ ಮಾಲು ಇಡೂದು ಬಿಡೂದು ಇನ್ನೂ ಅವರದ ಮಾತು. ಅವರಿಗೆ ಕೊಡ್ಲಿಕ್ಕೆ ಒಂದು ಪತ್ರ ಬರಕೊಂಡು ಬಂದು "ಮೌಶಿ, ಒಮ್ಮೆ ನೋಡಿ ಕೊಡು" ಅಂದ್ಲು.

ನನ್ನ ಕಡೆ ಯಾಕ ಬಂದ್ಲು ಅಂದ್ರ, ನಮ್ಮ ಮಾವನೋರದು ಅಡತಿ ಅಂಗಡಿ ಇತ್ತು. ನಾ ಪಿಯುಸಿ ಕಲ್ತಾಕಿ, ಅಕ್ಷರ ದುಂಡಗ ಅಂತ ಹೇಳಿ ಅವರ ಪತ್ರ ಎಲ್ಲಾ ನಾನ ಬರೀತಿದ್ದೆ, ಬಂದ ಪತ್ರ ಓದಿ ಹೇಳ್ತಿದ್ದೆ. ಹಳೇ ವ್ಯಾಪಾರಸ್ಥರು ಪತ್ರ ಹೆಂಗ ಓದ್ತಾರ ಅನ್ನೋದು ಅಲ್ಲೇ ಗೊತ್ತಾತು. ಮಾವನೋರು "ಹೊಗಳಿದ್ದು ಬಿಡವಾ, ಏನು ಕೊಡ್ತಾನ, ಏನು ಕೇಳ್ತಾನ, ಅಷ್ಟು ಹೇಳು" ಅಂತಿದ್ರು.

ಅಕಿ ಬರದದ್ದು ಹಿಂಗಿತ್ತು:

"ನಮಸ್ಕಾರ ಸರ್, ನಮ್ಮ ಚಟ್ನಿ ಪುಡಿ ಹುಬ್ಬಳ್ಳಿಯಲ್ಲೇ ನಂಬರ್ ಒನ್. ನೀವು ಈಗ ಇಟ್ಟಿರುವ ಪುಡಿಗಿಂತ ನಮ್ಮದು ಎಷ್ಟೋ ಪಾಲು ಉತ್ತಮ. ನಿಮಗೆ 25% ಲಾಭ ಗ್ಯಾರಂಟಿ. ನಿಮ್ಮ ಮಗ ಈಗಾಗಲೇ ಆಸಕ್ತಿ ತೋರಿಸಿದ್ದಾರೆ. ಕಾಲ ಬದಲಾಗಿದೆ, ನೀವೂ ಹೊಸದನ್ನು ಇಡಲೇಬೇಕು. ಬುಧವಾರದೊಳಗೆ ಆರ್ಡರ್ ಖಚಿತಪಡಿಸಿ, ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಕೊಡುತ್ತೇವೆ. ಈ ಅವಕಾಶ ಕಳೆದುಕೊಳ್ಳಬೇಡಿ!"

ಹುಡುಗಿ ಸೊಕ್ಕಿನಾಕಿ ಅಲ್ಲ. ಮದಿವಿಗಿಂತ ಮೊದಲ ಎರಡು ವರ್ಷ ಬೆಂಗಳೂರಾಗ ಮಾರಾಟದ ಕೆಲಸ ಮಾಡಿದ್ಲು, ಅಲ್ಲೆ ಹಿಂಗ ಬರೀಬೇಕು ಅಂತ ಕಲಿಸ್ಯಾರ. ಅದರ ಮ್ಯಾಲೆ ಕಂತಿನ ಚಿಂತಿ. ಆ ಅವಸರ ಎಲ್ಲಾ ಅಕ್ಷರದಾಗ ಇಳದಿತ್ತು.

ನಾ ಅಕಿಗೆ ಒಂದು ಕೆಲಸ ಹೇಳಿದೆ. ಒಂದೊಂದು ಸಾಲು ಹಿಡಿದು, ಅದರಾಗ ಕೆಲಸ ಯಾರಿಗೆ ಹಚ್ಚೀ ನೋಡು ಅಂತ. ಇಡಲೇಬೇಕು ಅಂದ್ರ ಅವರು ಇಡಬೇಕು. ಖಚಿತಪಡಿಸಿ ಅಂದ್ರ ಅವರು ಹೇಳಬೇಕು. ಲಾಭ ಗ್ಯಾರಂಟಿ ಅಂದ್ರ ಅವರ ಲೆಕ್ಕಾನೂ ಇಕೀನ ಮಾಡಿ ಮುಗಿಸ್ಯಾಳ. ಅಕಿ ಏನು ಮಾಡ್ತಾಳ ಅನ್ನೋದು ಪತ್ರದಾಗ ಒಂದು ಸಾಲೂ ಇಲ್ಲ, ಪಕ್ಕದ ಅಂಗಡಿಗೆ ಕೊಡ್ತೇವಿ ಅನ್ನೋ ಹೆದರಿಕಿ ಬಿಟ್ರ! ಅವರ ಅಂಗಡ್ಯಾಗ ಈಗಿರೋ ಪುಡಿ ಆರಿಸಿದವರೂ ಅವರ. ಅದು ಛೊಲೊ ಇಲ್ಲ ಅಂದ್ರ ಅವರಿಗೆ ಆರಸ್ಲಿಕ್ಕೆ ಬರೂದಿಲ್ಲ ಅಂದಂಗ. ಮಗನ ಹೆಸರು ಹೇಳಿದ್ದಂತೂ ಇನ್ನೂ ಕೆಟ್ಟದ್ದು, ಅಪ್ಪನ್ನ ದಾಟಿ ಬಂದಂಗ ಕಾಣ್ತದ. ಕೇಳಿದ್ರ, ಮಗ ಅಂದದ್ದು "ಅಪ್ಪಾರನ್ನ ಕೇಳ್ರಿ" ಅಂತ ಅಷ್ಟ.

ಸಂಜೀಕೆ ಇನ್ನೊಂದು ಬರಕೊಂಡು ಬಂದ್ಲು. ಅದು ಪೂರಾ ಉಲ್ಟಾ. "ದಯವಿಟ್ಟು ದೊಡ್ಡ ಮನಸ್ಸು ಮಾಡಿ", "ನಾನು ಸಣ್ಣವಳು, ಏನಾದರೂ ತಪ್ಪಿದ್ದರೆ ಕ್ಷಮಿಸಿ", "ನಮ್ಮ ಮನೆಯ ಪರಿಸ್ಥಿತಿ ಸರಿಯಿಲ್ಲ", "ತಾವೇ ಕೈ ಹಿಡಿಯಬೇಕು". ನಾಕು ಸಲ ದಯವಿಟ್ಟು ಇತ್ತು. ಇದನ್ನ ನೋಡಿದ್ರ ಮರ್ಯಾದಿ ಅನಸ್ತದ, ಆದ್ರ ಇದೂ ಒತ್ತಾಯಾನ. ಮನಿ ಕಷ್ಟ ಹೇಳಿದ ಮ್ಯಾಲೆ ಬ್ಯಾಡ ಅಂದವರು ಕಲ್ಲು ಮನಸ್ಸಿನವರು ಆಗ್ತಾರಲ್ಲ! ಅವರಿಗೆ ಬ್ಯಾಡ ಅನ್ನೋ ಹಾದಿ ಇರಬೇಕು. ಮ್ಯಾಲೆ, ಮಾಲಿನ ಬಗ್ಗೆ ಏನೂ ಹೇಳದ ಕೈ ಮುಗದ್ರ, ಮಾಲಿನ ಮ್ಯಾಲೆ ಇಕಿಗೇ ನಂಬಿಕಿ ಇಲ್ಲ ಅಂತ ವ್ಯಾಪಾರಸ್ಥರಿಗೆ ಅನಸ್ತದ.

ಹಂಗಾರ ಧೈರ್ಯ ಎಲ್ಲಿಂದ ತರೂದು? ಮಾಲಿನಿಂದ ತರೂದು. ಇಬ್ಬರೂ ಕೂತು ಖರೇ ಇದ್ದದ್ದು ಏನೇನು ಅಂತ ಹಾಳ್ಯಾಗ ಬರಕೊಂಡ್ವಿ.

ಮೊದಲನೇದು, ಅಕಿ ಕುಟ್ಟಿ ಮಾಡ್ತಾಳ. ಮಿಕ್ಸರದಾಗ ಜೋರ ತಿರುವಿದ್ರ ಶೇಂಗಾ ಕಾದು, ಎಣ್ಣಿ ಬಿಟ್ಟು ಮುದ್ದಿ ಆಗ್ತದ, ನಿಮಗೆಲ್ಲಾ ಗೊತ್ತದ. ಕುಟ್ಟಿದ್ದು ಉದುರುದುರು ಇರ್ತದ. "ನಂಬರ್ ಒನ್" ಅನ್ನೋ ಬದಲು ಕುಟ್ಟಿ ಮಾಡಿದ್ದು ಅಂದ್ರ ಸಾಕು, ತಿಳದವರಿಗೆ ತಿಳೀತದ.

ಎರಡನೇದು, ಎಷ್ಟು ದಿನ ಬಾಳ್ತದ ಅನ್ನೋದು. ಅಕಿ ತಾರೀಖು ಬರದು ಪಾಕೀಟು ಮನ್ಯಾಗ ಇಟ್ಟು, ಒಂದೊಂದ ತಗದು ನೋಡಿದ್ಲು. ಎರಡು ತಿಂಗಳ ತನಕಾ ಛೊಲೊ ಇತ್ತು, ಮೂರನೇ ತಿಂಗಳಿಗೆ ಶೇಂಗಾದ್ದು ಕಮಟು ವಾಸನಿ ಹೊಡೀಲಿಕ್ಕೆ ಹತ್ತಿತು. ಅದಕ್ಕ 45 ದಿನ ಅಂತ ಬರೀ ಅಂದೆ. ಎರಡು ತಿಂಗಳು ಬಾಳೂದನ್ನ 45 ದಿನ ಅಂದ್ರ ಯಾರೂ ಬೈಯೂದಿಲ್ಲ.

ಮೂರನೇದು ಆ 25%. 200 ಗ್ರಾಂ ಪಾಕೀಟಿನ ಮ್ಯಾಲಿನ ಬೆಲಿ ₹80, ಅಂಗಡಿಗೆ ಕೊಡೂದು ₹64. ನಡುವಿಂದು ₹16. ಅಕಿ 64ರ ಮ್ಯಾಲೆ ಲೆಕ್ಕಾ ಹಾಕಿ 25 ಅಂದಿದ್ಲು. ಪಾಕೀಟಿನ ಬೆಲಿ 80ರ ಮ್ಯಾಲೆ ಹಾಕಿದ್ರ ಅದ ₹16, ನೂರಕ್ಕ 20 ಆಗ್ತದ. ಎರಡೂ ಸುಳ್ಳಲ್ಲ. ಆದ್ರ ಸಾವಕಾರ್ರು ಬೆಲಿ ಮ್ಯಾಲೆ ಹಾಕೋರಾಗಿದ್ರ, ಈ ಹುಡುಗಿ ಹೆಚ್ಚು ಮಾಡಿ ಹೇಳ್ಯಾಳ ಅನಸ್ತದ. ಅದಕ್ಕ ಶೇಕಡಾ ಬ್ಯಾಡ, ಎರಡೂ ಬೆಲಿ ಬರದು ಬಿಡು, ಐವತ್ತು ವರ್ಷ ವ್ಯಾಪಾರ ಮಾಡಿದವರಿಗೆ ಲೆಕ್ಕಾ ನಾವು ಕಲಿಸೂದು ಬ್ಯಾಡ ಅಂದೆ.

ನಾಕನೇದು, ಉಳದದ್ದು ಏನು ಮಾಡೂದು. ಹೊಸ ಮಾಲಿಗೆ ಅಂಗಡಿಯವರು ಹೆದರೂದು ಇದಕ್ಕ. ಲಾಭ ಗ್ಯಾರಂಟಿ ಅಂತ ಅವರ ಪರವಾಗಿ ಹೇಳೂದು ನಮ್ಮ ಕೈಯಾಗ ಇಲ್ಲ, ಆದ್ರ ಉಳದದ್ದು ವಾಪಸ್ ಒಯ್ಯೂದು ನಮ್ಮ ಕೈಯಾಗ ಅದ. ಅದನ್ನ ಬರದ್ರ ಆತು.

ಕಡೀಕೆ ನಿಂತ ಪತ್ರ ಇದು:

"ಶ್ರೀ

ಮಾನ್ಯರಾದ ಸಾವಕಾರರಿಗೆ ಸಾದರ ನಮಸ್ಕಾರಗಳು.

ನಾನು ಮನೆಯಲ್ಲಿ ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಪುಡಿ ಮಾಡುತ್ತೇನೆ. ಅವನ್ನು ತಮ್ಮ ಅಂಗಡಿಯಲ್ಲಿ ಮಾರಾಟಕ್ಕೆ ಇಡಲು ಒಪ್ಪಿಗೆ ಕೇಳಿ ಈ ಪತ್ರ ಬರೆದಿದ್ದೇನೆ. ತಮ್ಮ ಚಿರಂಜೀವಿಯವರು ತಮ್ಮನ್ನೇ ಕೇಳಬೇಕೆಂದರು.

ಪುಡಿ ಕುಟ್ಟಿ ಮಾಡಿದ್ದು. 200 ಗ್ರಾಂ ಪಾಕೀಟಿನ ಮೇಲಿನ ಬೆಲೆ ₹80, ಅಂಗಡಿಗೆ ₹64. ಮಾಡಿದ ದಿನದಿಂದ 45 ದಿನ ಬಾಳುತ್ತದೆ. ಎಫ್ಎಸ್ಎಸ್ಎಐ ನೋಂದಣಿಯ 14 ಅಂಕಿಯ ಸಂಖ್ಯೆ ಮತ್ತು ತಯಾರಿಸಿದ ದಿನ ಪಾಕೀಟಿನ ಮೇಲಿವೆ.

ಮೊದಲು 24 ಪಾಕೀಟು ಕೊಡುತ್ತೇನೆ. ಮಾರಿದಷ್ಟಕ್ಕೆ ಹಣ ಕೊಟ್ಟರೆ ಸಾಕು. 30 ದಿನಕ್ಕೆ ಉಳಿದದ್ದನ್ನು ನಾನೇ ಬಂದು ಒಯ್ಯುತ್ತೇನೆ. ವಾರಕ್ಕೆ 60 ಪಾಕೀಟಿಗಿಂತ ಹೆಚ್ಚು ಸದ್ಯ ಮಾಡಲಾರೆ.

ರುಚಿ ನೋಡಲು ಮೂರರ ಮಾದರಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ಗುರುವಾರ ಮಧ್ಯಾಹ್ನ 3ರ ಸುಮಾರಿಗೆ ಅಂಗಡಿಗೆ ಬರುತ್ತೇನೆ. ಆ ಹೊತ್ತು ಅನುಕೂಲವಿಲ್ಲದಿದ್ದರೆ ತಾವು ಹೇಳಿದ ದಿನ ಬರುತ್ತೇನೆ. ಬೇಡವೆನಿಸಿದರೆ ಹಾಗೆಂದೇ ತಿಳಿಸಬಹುದು.

ಇತಿ ತಮ್ಮ ವಿಶ್ವಾಸಿ"

ಇದರಾಗ ದಯವಿಟ್ಟು ಒಂದೂ ಇಲ್ಲ ನೋಡ್ರಿ. ಆದ್ರೂ ಮರ್ಯಾದಿ ಕಡಿಮಿ ಆಗಿಲ್ಲ. ಸರ್ ಹೋಗಿ ಸಾವಕಾರರು ಬಂತು, ನೀವು ಹೋಗಿ ತಾವು ಬಂತು. ಆ ತಾವೂ ಬೇಕಾದಲ್ಲೆ ಅಷ್ಟ. ಸಾಲಿಗೊಂದು ತಾವು ಹಾಕಿದ್ರ ಬೆಣ್ಣಿ ಹಚ್ಚಿದಂಗ ಆಗ್ತದ. "ತಿಳಿಸಿ" ಅನ್ನೋದು "ತಿಳಿಸಬಹುದು" ಆತು. ಅಕಿ ಮಾಡೋ ಕೆಲಸಕ್ಕ ಮಾತ್ರ ಎಲ್ಲೂ "ಬಹುದು" ಹಾಕಿಲ್ಲ. ಕೊಡುತ್ತೇನೆ, ಒಯ್ಯುತ್ತೇನೆ, ಬರುತ್ತೇನೆ, ಮಾಡಲಾರೆ. ಧೈರ್ಯ ಇರೂದು ಇಲ್ಲೆ. 60ಕ್ಕಿಂತ ಹೆಚ್ಚು ಆಗೂದಿಲ್ಲ ಅಂತ ಬರೀಲಿಕ್ಕೆ ಅಕಿ ಒಲ್ಲೆ ಅಂದಿದ್ಲು. ನಾನ ಬಿಡಲಿಲ್ಲ. ತನ್ನ ಅಳತಿ ತನಗ ಗೊತ್ತಿದ್ದವರನ್ನ ಮಂದಿ ನಂಬ್ತಾರ.

ಕೊಡೂದೂ ಒಂದು ಕೆಲಸಾನ. ಮುಂಜಾನೆ ಗಿರಾಕಿ ಗದ್ದಲದಾಗ ಬ್ಯಾಡ ಅಂದೆ. ಊಟದ ಹೊತ್ತು ಮುಗದ ಮ್ಯಾಲೆ ಹೋಗಿ, ದೊಡ್ಡ ಅಕ್ಷರದಾಗ ಒಂದ ಹಾಳ್ಯಾಗ ಬರದದ್ದನ್ನ ಅವರ ಕೈಯಾಗ ಕೊಟ್ಟು, ನಿಂತು ಮಾತಾಡಿಸದ ಬಂದ್ಲು. ಗುರುವಾರದ ತನಕಾ ಫೋನ್ ಮಾಡೂದಿಲ್ಲ ಅಂತ ನನಗ ಮಾತು ಕೊಟ್ಟಿದ್ಲು. ಮೂರು ದಿನ ಹೆಂಗ ಕಳದ್ಲೋ ಅಕಿಗೇ ಗೊತ್ತು.

ಗುರುವಾರ ಸಾವಕಾರ್ರು ಪತ್ರ ಮುಂದಿಟ್ಟುಕೊಂಡೇ ಕೂತಿದ್ರಂತ. ಬೆಲಿ ಬಗ್ಗೆ ಕೇಳಲಿಲ್ಲ, "ಉಳದದ್ದು ಖರೇನ ಒಯ್ತೀಯೇನವಾ?" ಅಂತ ಒಂದ ಕೇಳಿದ್ರಂತ. ಹ್ಞೂಂ ಅಂದಮ್ಯಾಲೆ 24ಕ್ಕ ಒಪ್ಪಿದ್ರು. ಅಗಸಿದು ಕಡಿಮಿ ಹೋಗ್ತದ, ಆರು ಸಾಕು, ಶೇಂಗಾದ್ದು ಹನ್ನೆರಡು ಕೊಡು ಅಂತ ತಾವ ಹೇಳಿದ್ರು. ಆಮ್ಯಾಲೆ ಪೆನ್ನು ತೊಗೊಂಡು ಪತ್ರದಾಗಿನ 45 ಅನ್ನೋದರ ಮ್ಯಾಲೆ ಗೆರಿ ಎಳದು, "ಮಳಿಗಾಲ ಬರ್ಲಿಕ್ಕತ್ತೇದ, ನಮ್ಮ ಅಂಗಡ್ಯಾಗ ತಂಪು ಹಿಡೀತದ, 30 ಅಂತ ಹಾಕು, ಪಾಕೀಟೂ ದಪ್ಪಂದು ತೊಗೊ" ಅಂದ್ರಂತ.

24 ಪಾಕೀಟಿನಿಂದ ಅಕಿ ಕಂತು ಪೂರಾ ಹೊಂಡೂದಿಲ್ಲ, ಅದು ಅಕಿಗೂ ಗೊತ್ತು. ಆದ್ರ ಆ 30ರ ಮಾತು ನನಗ ಭಾಳ ಸೇರಿತು. ಬುಧವಾರದೊಳಗ ಹೇಳ್ರಿ ಅಂದಿದ್ರ ಅವರು ಹ್ಞೂಂ ಇಲ್ಲಾ ಊಂಹೂಂ ಅನ್ನೋರು, ಅಷ್ಟ. ಪತ್ರದಾಗ ಅವರಿಗೂ ಮಾತಾಡ್ಲಿಕ್ಕೆ ಜಾಗಾ ಇತ್ತು ಅಂತ ತಮಗ ಗೊತ್ತಿದ್ದದ್ದು ಹೇಳಿದ್ರು. ಹೊಸಾ ಚೀಟಿ ಅಚ್ಚು ಹಾಕ್ಸೂದ್ರಾಗ ಅಕಿ ಈಗ, ದಪ್ಪ ಪಾಕೀಟು ಎಲ್ಲೆ ಸೋವಿ ಸಿಗ್ತದ ಅಂತ ಗೊತ್ತಿದ್ದವರು ತಿಳಿಸ್ರಿ.