ಫುಲ್ ಸಿಗ್ನಲ್ ಇದೆ, ನೆಟ್ ಇಲ್ಲ!

ವೈಫೈ ಗೆರೆ ಪೂರ್ತಿ ತುಂಬಿದ್ದರೆ ಇಂಟರ್‌ನೆಟ್ ಚೆನ್ನಾಗಿದೆ ಅಂತಲೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕ. ಆದರೆ ಆ ಗೆರೆಗಳು ಹೇಳುವುದು ಒಂದೇ ಮಾತು: ಮೊಬೈಲಿಗೂ ಹಾಲ್‌ನಲ್ಲಿರುವ ರೌಟರ್ ಡಬ್ಬಿಗೂ ನಡುವೆ ಸಂಪರ್ಕ ಗಟ್ಟಿಯಾಗಿದೆ ಎಂದು. ಡಬ್ಬಿಯಿಂದಾಚೆ, ಬೀದಿ ಕಂಬದ ಕಡೆ ಏನಾಗಿದೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಅಡುಗೆಮನೆಯ ನಲ್ಲಿ ಹೊಸದು, ಪೈಪೂ ಗಟ್ಟಿ. ಆದರೆ ಬೀದಿಯಲ್ಲಿ ನೀರೇ ಬಿಟ್ಟಿಲ್ಲ ಅಂದ್ರೆ ನಲ್ಲಿ ತಿರುಗಿಸಿ ಏನು ಪ್ರಯೋಜನ?

ಈ ವ್ಯತ್ಯಾಸ ನಮಗೆ ಅರ್ಥವಾಗಿದ್ದು ಕಳೆದ ಮಳೆಗಾಲದಲ್ಲಿ. ನಮ್ಮದು ತೀರ್ಥಹಳ್ಳಿ ಕಡೆಯ ಊರು. ಮಗಳಿಗೆ ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಇಂಟರ್‌ವ್ಯೂ. ಓದು ಮುಗಿಸಿ ಎಂಟು ತಿಂಗಳ ಮೇಲೆ ಬಂದಿದ್ದ ಮೊದಲ ಕರೆ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದರೆ ವೈಫೈ ಫುಲ್, ಕನೆಕ್ಟೆಡ್ ಅಂತಲೂ ತೋರಿಸ್ತಿದೆ, ಆದರೆ ಒಂದು ಪುಟವೂ ತೆರೆಯುತ್ತಿಲ್ಲ. ನನ್ನ ವಾಟ್ಸಾಪ್‌ನಲ್ಲಿ ನಿನ್ನೆಯ ಫೋಟೋಗಳೆಲ್ಲ ಕಾಣುತ್ತಿದ್ದವು. ಅವು ಮೊದಲೇ ಫೋನಿನೊಳಗೆ ಇಳಿದು ಕೂತಿದ್ದಂಥವು. ಹೊಸದಾಗಿ ಕಳಿಸಿದ ಮೆಸೇಜಿನ ಪಕ್ಕ ಮಾತ್ರ ಗಡಿಯಾರದ ಗುರುತು ಹಾಗೇ ನಿಂತಿತ್ತು.

ಯಜಮಾನರು ಡಬ್ಬಿಯನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದರು. ಏನೂ ಆಗಲಿಲ್ಲ. ಆಮೇಲೆ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಲು ಹೊರಟರು. ಅಷ್ಟರಲ್ಲಿ ಕೇಬಲ್ ಹುಡುಗ ಫೋನ್ ಎತ್ತಿದ. "ಅಕ್ಕಾ, ಅದನ್ನ ಮಾತ್ರ ಮುಟ್ಟಬೇಡಿ ಅನ್ನಿ. ಅದು ರೀಸೆಟ್. ಒಳಗೆ ನಾವು ಹಾಕಿರೋ ಯೂಸರ್‌ನೇಮು, ಪಾಸ್‌ವರ್ಡು ಎಲ್ಲಾ ಅಳಿಸಿ ಹೋಗುತ್ತೆ. ಡಬ್ಬಿ ಮೇಲೆ ಯಾವ ಲೈಟ್ ಉರೀತಿದೆ ನೋಡಿ ಹೇಳಿ" ಅಂದ.

ನೋಡಿದರೆ ಪವರ್ ಹಸಿರು, ವೈಫೈ ಹಸಿರು. ಎಲ್‌ಓಎಸ್ ಅಂತ ಬರೆದ ಕಡೆ ಮಾತ್ರ ಕೆಂಪು ದೀಪ ಮಿಣುಕುತ್ತಿತ್ತು. ಹೊರಗಿನಿಂದ ಗಾಜಿನೆಳೆಯ ತಂತಿಯಲ್ಲಿ, ಅಂದರೆ ಫೈಬರ್‌ನಲ್ಲಿ, ಬರಬೇಕಾದ ಬೆಳಕು ಬರುತ್ತಿಲ್ಲ ಎಂದು ಅದರರ್ಥ. ಎಳೆಯೇ ತುಂಡಾಗಿದ್ದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಕೂಡಿಕೊಳ್ಳುವುದಿಲ್ಲ. "ಬರೋಕೆ ಮಧ್ಯಾಹ್ನ ಆಗುತ್ತೆ ಅಕ್ಕಾ. ಅಲ್ಲೀವರೆಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡ್ಕೊಳ್ಳಿ" ಅಂದ.

ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. ಮಹಡಿಯ ಜಗಲಿಯಲ್ಲಿ ಎರಡು ಗೆರೆ ಬರುತ್ತದೆ. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಮಗಳನ್ನು ಅಲ್ಲೇ ಕೂರಿಸಿದೆವು. ಲ್ಯಾಪ್‌ಟಾಪ್ ಮತ್ತೆ ಮತ್ತೆ ಹಳೇ ವೈಫೈಗೇ ಅಂಟಿಕೊಳ್ಳುತ್ತಿತ್ತು. ಅದನ್ನು 'ಫರ್ಗೆಟ್' ಮಾಡಿದ ಮೇಲೆ ಸರಿಹೋಯಿತು. ಕೆಳಗೆ ಫುಲ್ ಗೆರೆಯಲ್ಲಿ ಆಗದ್ದು ಮೇಲೆ ಎರಡೇ ಗೆರೆಯಲ್ಲಿ ಆಯಿತು! ನಡುವೆ ಒಮ್ಮೆ ಚಿತ್ರ ನಿಂತರೂ ಮಾತು ನಿಲ್ಲಲಿಲ್ಲ. ನಲವತ್ತು ನಿಮಿಷ ನಾನು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ.

ಮಧ್ಯಾಹ್ನ ಹುಡುಗ ಬಂದ. ಡಬ್ಬಿಯಿಂದ ತಂತಿ ಬಿಚ್ಚಿ ಅಂಗೈಯಗಲದ ಮೀಟರಿಗೆ ಸಿಕ್ಕಿಸಿದ. ಬೆಳಕು ಚೂರೂ ಇಲ್ಲ. ಬೀದಿ ಕಂಬದ ಪೆಟ್ಟಿಗೆಯಲ್ಲಿ ನೋಡಿದರೆ ಮೈನಸ್ 18 ತೋರಿಸಿತು. ಅಂದರೆ ಅಲ್ಲೀವರೆಗೆ ಎಲ್ಲಾ ಸರಿ, ಪೆಟ್ಟು ಬಿದ್ದಿದ್ದು ಕಂಬಕ್ಕೂ ಮನೆಗೂ ನಡುವೆ. ಆಮೇಲೆ ಪೆನ್ನಿನಂಥ ಟಾರ್ಚಿನಿಂದ ಮನೆ ಕಡೆಯ ತುದಿಗೆ ಕೆಂಪು ಬೆಳಕು ಬಿಟ್ಟ. ಸಜ್ಜಾದ ಕೆಳಗೆ ತಂತಿ ಮಡಚಿದ ಜಾಗದಲ್ಲಿ ಆ ಕೆಂಪು ಹೊರಗೆ ಸೋರಿ ಕಾಣಿಸಿತು. ರಾತ್ರಿ ಗಾಳಿಗೆ ಬಿದ್ದ ತೆಂಗಿನ ಗರಿ ತಂತಿಯನ್ನು ಎಳೆದಿತ್ತು. ಹೊರಗಿನ ಹೊದಿಕೆ ಹಾಗೇ ಇದ್ದು, ಒಳಗಿನ ಕೂದಲೆಳೆಯಂಥ ಗಾಜು ಮುರಿದಿತ್ತು. ಕಣ್ಣಿಗೆ ತಂತಿ ನೆಟ್ಟಗೇ ಕಂಡಿದ್ದು ಅದಕ್ಕೇ.

ಹೊಸ ತಂತಿ ಎಳೆದು ಮತ್ತೆ ಅಳೆದಾಗ ಡಬ್ಬಿಯ ಹತ್ತಿರ ಮೈನಸ್ 20 ಬಂತು. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು. ಮೈನಸ್ 27 ದಾಟಿದರೆ ಸಾಮಾನ್ಯವಾಗಿ ತೊಂದರೆ ಶುರು ಅಂತೆ. ಕೆಂಪು ದೀಪ ಆರಿತು. ಪಕ್ಕದ ಪಾನ್ ದೀಪ ಮೊದಲು ಮಿಣುಕಿ, ಆಮೇಲೆ ಹಸಿರಾಗಿ ನಿಂತಿತು.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ಎಲ್‌ಓಎಸ್ ಕೆಂಪಾಗಿಲ್ಲ, ಪಾನ್ ಹಸಿರಾಗಿ ನಿಂತಿದೆ, ಆದರೂ ನೆಟ್ ಇಲ್ಲ ಅಂದ್ರೆ ತಂತಿಯದ್ದು ತಪ್ಪಲ್ಲ. ಆಗ ರೀಚಾರ್ಜ್ ಮುಗಿದಿರಬಹುದು, ಲಾಗಿನ್ ಹಿಡಿಯದೇ ಇರಬಹುದು, ಅಥವಾ ಕಂಪನಿ ಕಡೆಯೇ ಕೆಟ್ಟಿರಬಹುದು. ಆವಾಗ ಒಂದು ಸಲ ಆಫ್ ಮಾಡಿ, ಆನ್ ಮಾಡಿ, ಎರಡು ಮೂರು ನಿಮಿಷ ಕಾಯಬೇಕು. ಆಗಲೂ ಬಾರದಿದ್ದರೆ ಫೋನ್ ಮಾಡಬೇಕು. "ನೆಟ್ ಬರ್ತಿಲ್ಲ ಅನ್ನೋ ಬದಲು ಎಲ್‌ಓಎಸ್ ಕೆಂಪು ಅಂದ್ರೆ ಸಾಕು ಅಕ್ಕಾ, ನಾವು ಏಣಿ, ತಂತಿ ಹಿಡ್ಕೊಂಡೇ ಬರ್ತೀವಿ" ಅಂದ.