ಕತ್ತರಿ ಅದೇ, ರೇಟು ಯಾಕೆ ಏರಿತು?

ನಮ್ಮ ಯಂಕಂಚಿಯಲ್ಲಿ ಕಟಿಂಗ್ ರೇಟು 50ರಿಂದ 80 ರೂಪಾಯಿಗೆ ಏರಿದ ವಾರ ನಾನೊಂದು ಸುದ್ದಿ ಕಳಿಸಿದ್ದೆ. ಶೀರ್ಷಿಕೆ: 'ಕ್ಷೌರ ದರ ದಿಢೀರ್ ಏರಿಕೆ, ಗ್ರಾಮಸ್ಥರ ಆಕ್ರೋಶ'. ಕತ್ತರಿ, ಬ್ಲೇಡ್, ಕ್ರೀಮ್ ಯಾವುದರ ಬೆಲೆಯೂ ಅಷ್ಟು ಏರಿಲ್ಲ, ಅಂಗಡಿಯವರೆಲ್ಲ ಮಾತಾಡಿಕೊಂಡು ಏರಿಸಿದ್ದಾರೆ ಎಂಬ ಅರ್ಥ ಬರುವಂತೆ ಬರೆದಿದ್ದೆ. ಅಂಗಡಿಯವರನ್ನು ಒಂದು ಮಾತೂ ಕೇಳಿರಲಿಲ್ಲ.

ಮುಂದಿನ ವಾರ ತಲೆ ಬೆಳೆದಿತ್ತು, ಹೋಗಲೇಬೇಕಾಯಿತು. ಚಿಕ್ಕಂದಿನಿಂದ ನನ್ನ ಕೂದಲು ಕತ್ತರಿಸಿದ ಕಾಕಾ ಬಟ್ಟೆ ಹೊದಿಸಿ, ಕತ್ತರಿ ಕೈಗೆತ್ತಿಕೊಂಡು ಕೇಳಿದರು.

"ತಮ್ಮಾ, ಪೇಪರ್‌ನಾಗ ನಮ್ಮ ಬಗ್ಗೆ ಬರದಿಯಂತ?"

ನಾನು ಸುಮ್ಮನಿದ್ದೆ.

"ಕತ್ತರಿ ರೇಟು ಏರಿಲ್ಲ ಅಂತ ಬರದಿ. ಖರೆ ಐತಿ. ಆದ್ರ ನನ್ನ ಮಗನ ರೇಟು ಏರೇತಿ, ಅದನ್ಯಾಕ ಬರೀಲಿಲ್ಲ?"

ಅವರ ಲೆಕ್ಕ ಹೀಗಿತ್ತು. ಅಂಗಡಿಯಲ್ಲಿ ಒಬ್ಬರ ಕೈಗೆ ದಿನಕ್ಕೆ ಸರಾಸರಿ ಹತ್ತು ತಲೆ. 50 ರೂಪಾಯಿಯಂತೆ 500. ಅದರಲ್ಲಿ ಬಾಡಿಗೆ, ಕರೆಂಟು, ಬ್ಲೇಡು ಎಂದು ನೂರು ಹೋದರೆ ಉಳಿಯುವುದು 400. ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಹೋದ ಮಗನ ಗೆಳೆಯರಿಗೆ ದಿನಕ್ಕೆ 700 ಬೀಳುತ್ತದೆ. "400ಕ್ಕ ಅಂವ ಇಲ್ಲಿ ಯಾಕ ಕೂಡ್ತಾನ? 80 ಮಾಡಿದ್ರ 800 ಆಗ್ತೈತಿ, ಖರ್ಚು ತಗದ್ರ 700 ಉಳಿತೈತಿ. ಅವಾಗ ಮನ್ಯಾಗ ಇರ್ತಾನ."

ಡಿಪ್ಲೊಮಾದಲ್ಲಿ ಒಂದು ಹೆಸರು ಕೇಳಿ ಮರೆತಿದ್ದೆ, ಅದು ಆ ಕುರ್ಚಿಯ ಮೇಲೆ ನೆನಪಾಯಿತು. ಬಲಾಸಾ–ಸ್ಯಾಮುಯೆಲ್ಸನ್. ಹಂಗೇರಿಯಲ್ಲಿ ಹುಟ್ಟಿದ ಬೇಲಾ ಬಲಾಸಾ ಮತ್ತು ಅಮೆರಿಕದ ಪಾಲ್ ಸ್ಯಾಮುಯೆಲ್ಸನ್ 1964ರಲ್ಲಿ ಬೇರೆ ಬೇರೆಯಾಗಿ ಬರೆದು ಒಂದೇ ಮಾತಿಗೆ ಬಂದಿದ್ದರು. ಶ್ರೀಮಂತ ದೇಶದಲ್ಲಿ ಕಟಿಂಗ್ ಯಾಕೆ ದುಬಾರಿ ಎಂಬುದಕ್ಕೆ ಅವರು ಕೊಟ್ಟ ಉತ್ತರ ಹೆಚ್ಚುಕಡಿಮೆ ಕಾಕಾ ಹೇಳಿದ್ದೇ.

ಮೊದಲು ಒಂದು ವ್ಯತ್ಯಾಸ ನೋಡಿ. ನಮ್ಮ ತೊಗರಿಯ ಬೆಲೆ ಸಿಂದಗಿಯಲ್ಲಿ ಒಂದು, ಕಲಬುರಗಿಯಲ್ಲಿ ಅದರ ಎರಡು ಪಟ್ಟು ಇರಲು ಸಾಧ್ಯವಿಲ್ಲ. ಇದ್ದರೆ ವ್ಯಾಪಾರಸ್ಥರು ರಾತ್ರೋರಾತ್ರಿ ಲಾರಿ ತುಂಬುತ್ತಾರೆ, ವ್ಯತ್ಯಾಸ ಕರಗುತ್ತದೆ. ಬಂಗಾರ, ಮೊಬೈಲ್, ಕಾರಿನ ಬಿಡಿಭಾಗ ಎಲ್ಲದರದ್ದೂ ಇದೇ ಕತೆ. ಸಾಗಣೆ ಖರ್ಚು, ತೆರಿಗೆ ಬಿಟ್ಟರೆ ಬೆಲೆ ಎಲ್ಲ ಕಡೆ ಹತ್ತಿರ ಹತ್ತಿರ ಬರುತ್ತದೆ. ಆದರೆ ಕಟಿಂಗ್ ಅನ್ನು ಲಾರಿಗೆ ಹಾಕಲಾಗದು. ಬೆಂಗಳೂರಿನಲ್ಲಿ ದುಬಾರಿ ಎಂದು ಯಾರೂ ತಲೆ ಹೊತ್ತುಕೊಂಡು ಯಂಕಂಚಿಗೆ ಬರುವುದಿಲ್ಲ. ಹಾಗಾಗಿ ಅದರ ಬೆಲೆ ಊರಿಗೊಂದು.

ಈಗ ಎರಡು ದೇಶಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಒಳ್ಳೆಯ ಯಂತ್ರ, ರಸ್ತೆ, ಕರೆಂಟು ಇವೆ. ಅಲ್ಲಿನ ಕಾರ್ಮಿಕ ದಿನಕ್ಕೆ 50 ಬಿಡಿಭಾಗ ಮಾಡುತ್ತಾನೆ. ಇನ್ನೊಂದರಲ್ಲಿ ಹಳೇ ಯಂತ್ರ, ದಿನಕ್ಕೆ 10 ಅಷ್ಟೆ. ಬಿಡಿಭಾಗ ಎಲ್ಲಿ ಮಾರಿದರೂ ಬೆಲೆ ಒಂದೇ. ಒಂದೊಂದರ ಮೇಲೆ ಕಾರ್ಮಿಕನಿಗೆ 100 ರೂಪಾಯಿ ಕೊಡಲು ಸಾಧ್ಯ ಎನ್ನೋಣ. ಮೊದಲನೆಯವನ ಪಗಾರ 5000, ಎರಡನೆಯವನದು 1000. ಇಷ್ಟರವರೆಗೆ ವಿಚಿತ್ರವೇನಿಲ್ಲ, ಹೆಚ್ಚು ಮಾಡಿದವನಿಗೆ ಹೆಚ್ಚು ಸಿಕ್ಕಿತು.

ಕಟಿಂಗ್ ಅಂಗಡಿಗೆ ಬನ್ನಿ. ಎರಡೂ ದೇಶಗಳಲ್ಲಿ ದಿನಕ್ಕೆ ಹತ್ತೇ ತಲೆ. ಶ್ರೀಮಂತ ದೇಶದವನ ಕೈಗೆ ಐದು ಪಟ್ಟು ವೇಗವೇನೂ ಬಂದಿಲ್ಲ. ಆದರೂ ದಿನಕ್ಕೆ 5000 ಹತ್ತಿರ ಸಿಗದಿದ್ದರೆ ಅವನು ಕತ್ತರಿ ಕೆಳಗಿಟ್ಟು ಕಾರ್ಖಾನೆಗೆ ಹೋಗುತ್ತಾನೆ. ಹಾಗಾಗಿ ಅಲ್ಲಿ ಒಂದು ಕಟಿಂಗಿಗೆ 500, ಇಲ್ಲಿ 100. ಕೆಲಸ ಅದೇ, ಸಮಯ ಅದೇ. ಏರಿದ್ದು ಅವನು ಬಿಟ್ಟು ಹೋಗಬಹುದಾದ ಜಾಗದ ಪಗಾರ. ಗೆಳೆಯನೊಬ್ಬನ ಅಣ್ಣ ಅಮೆರಿಕದಲ್ಲಿ ಕಟಿಂಗಿಗೆ 25 ಡಾಲರ್ ಕೊಡುತ್ತಾನೆ. ಅಂದರೆ ಎರಡು ಸಾವಿರ ರೂಪಾಯಿಗೂ ಮೇಲೆ. ಅದರ ಗುಟ್ಟೂ ಇದೇ.

ಇದರ ಅಳತೆ ದೇಶದ ಮಟ್ಟದಲ್ಲೂ ಸಿಗುತ್ತದೆ. 2017ರಲ್ಲಿ ಒಂದು ಡಾಲರಿನ ವಿನಿಮಯ ದರ ಸುಮಾರು 65 ರೂಪಾಯಿ ಇತ್ತು. ಆದರೆ ವಿಶ್ವಬ್ಯಾಂಕ್ ನಡೆಸುವ ಬೆಲೆ ಹೋಲಿಕೆಯ ಲೆಕ್ಕದಲ್ಲಿ, ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟನ್ನು ಭಾರತದಲ್ಲಿ ಕೊಳ್ಳಲು ಸುಮಾರು 21 ರೂಪಾಯಿ ಸಾಕಿತ್ತು. ಆ ಅಂತರ ಬರುವುದು ಬಂಗಾರ, ಮೊಬೈಲಿನಿಂದಲ್ಲ. ಬಹುಪಾಲು ಬರುವುದು ಕಟಿಂಗ್, ಟೇಲರ್, ಆಟೋ, ಟ್ಯೂಷನ್‌ನಂಥ ಅಗ್ಗದ ಕೈಕೆಲಸದಿಂದ.

ಆದರೆ ಈ ಲೆಕ್ಕ ನಡೆಯಲು ಒಂದು ಬಾಗಿಲು ತೆರೆದಿರಬೇಕು: ಕತ್ತರಿ ಹಿಡಿದವನಿಗೆ ಬೇರೆ ಕೆಲಸಕ್ಕೆ ಹೋಗಲು ಬರಬೇಕು. ಕಾಕಾನ ಅಪ್ಪನ ಕಾಲದಲ್ಲಿ ರೊಕ್ಕ ಇರಲಿಲ್ಲ, ಆಯ ಇತ್ತು. ವರ್ಷವಿಡೀ ಮನೆಮಂದಿಯ ತಲೆ ನೋಡಿಕೊಂಡರೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಜೋಳ. "ನಮ್ಮಪ್ಪ ಹೆಚ್ಚು ಕೇಳಿದ್ರ, ನೀ ಮತ್ತೇನು ಮಾಡ್ತಿ ಅಂತಿದ್ರು" ಎಂದರು ಕಾಕಾ. ಜಾತಿ ಆ ಕೆಲಸಕ್ಕೆ ಕಟ್ಟಿಹಾಕಿದಾಗ ಪೇಟೆಯ ಪಗಾರ ಎಷ್ಟು ಏರಿದರೂ ಕಣದ ಜೋಳ ಏರುತ್ತಿರಲಿಲ್ಲ. ಚಾಕಣದ ಬಸ್ಸು ಹತ್ತಲು ಸಾಧ್ಯವಾದ ಮೇಲೆಯೇ ಕತ್ತರಿಗೆ ಬೆಲೆ ಬಂತು.

ಹಾಗಂತ ಎಲ್ಲ ಏರಿಕೆಯೂ ನ್ಯಾಯದ್ದಲ್ಲ. ಬೆಂಗಳೂರಿನ ಎ.ಸಿ. ಅಂಗಡಿಯ ರೇಟಿನಲ್ಲಿ ದೊಡ್ಡ ಪಾಲು ಜಾಗದ ಬಾಡಿಗೆಯದು. ಕೆಲವು ಕಡೆ ಅಂಗಡಿಯವರು ನಿಜವಾಗಿಯೂ ಮಾತಾಡಿಕೊಂಡು ಏರಿಸುತ್ತಾರೆ. ಯಾವುದು ಯಾವುದೆಂದು ತಿಳಿಯಲು ಸುತ್ತಲಿನ ಕೈಕೆಲಸ ನೋಡಬೇಕು. ಟೇಲರ್, ಪಂಕ್ಚರ್ ಅಂಗಡಿ, ಗೌಂಡಿ, ಹೊಲದ ಕೂಲಿ ಎಲ್ಲವೂ ಏರಿದ್ದರೆ ಅದು ಪಗಾರದ ಏರಿಕೆ. ಕಟಿಂಗ್ ಒಂದೇ ಏರಿ ಉಳಿದದ್ದು ನಿಂತಿದ್ದರೆ ಅನುಮಾನ ಪಡಬಹುದು. ಆಮೇಲೆ ನಾನು ಊರಲ್ಲಿ ಕೇಳಿದೆ. ಪ್ಯಾಂಟು ಹೊಲಿಯುವ ರೇಟೂ ಏರಿತ್ತು, ಹತ್ತಿ ಬಿಡಿಸುವ ಕೂಲಿಯೂ ಏರಿತ್ತು. ಒಂದು ತಾಸಿನ ಕೆಲಸ. ಸುದ್ದಿ ಕಳಿಸುವ ಮೊದಲೇ ಮಾಡಬಹುದಿತ್ತು.

ಇನ್ನೊಂದು ಮಿತಿಯನ್ನು ಕಾಕಾನ ಅಂಗಡಿಯೇ ತೋರಿಸಿತು. ಪುಣೆಯ ಪಗಾರ ಹುಡುಗರನ್ನು ಎಳೆಯುತ್ತದೆ, ಆದರೆ ಮಳೆ ನಂಬಿದ ನಮ್ಮ ರೈತನ ಕೈಗೆ ಆ ಪಗಾರ ಬರುವುದಿಲ್ಲ. 80 ಆದ ಮೇಲೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬಂದರು. ಹತ್ತು ತಲೆ ಏಳಾಯಿತು. ಏಳು ಎಂಬತ್ತಲೇ 560, ಖರ್ಚು ಕಳೆದರೆ 460. ಮಗ ದಸರಾ ಮುಗಿಸಿಕೊಂಡು ಚಾಕಣಕ್ಕೆ ಹೋದ.

ಈಗ ಎರಡು ಕುರ್ಚಿಯಲ್ಲಿ ಒಂದು ಖಾಲಿ. ಅಂದು ಇಳಿಯುವಾಗ ನಾನು ನೂರರ ನೋಟು ಕೊಟ್ಟು ಚಿಲ್ಲರೆ ಬೇಡ ಎಂದೆ. ಕಾಕಾ ಇಪ್ಪತ್ತು ರೂಪಾಯಿ ಎಣಿಸಿ ಕೈಗಿಟ್ಟರು. "ರೊಕ್ಕ ಬ್ಯಾಡ ತಮ್ಮಾ. ಬರದಿದ್ದನ್ನ ತಿದ್ದಿ ಬರಿ."

ಪತ್ರಿಕೆಯಲ್ಲಿ ಆ ತಿದ್ದುಪಡಿಗೆ ಜಾಗ ಸಿಗಲಿಲ್ಲ. ಇಲ್ಲಿ ಬರೆದಿದ್ದೇನೆ.